ಪರಾಭವ ಸಂವತ್ಸರದ ಶುಭಾಶಯ ಹೇಳಬೇಕೋ ಬ್ಯಾಡೋ?



ಮೊನ್ನೆ ಮಾರ್ಚ್ 19ಕ್ಕ ಉಗಾದಿ ಆತಲ್ಲ, ಅವತ್ತು ನಮ್ಮ ಹುಡುಗರ ಗ್ರೂಪಿನ್ಯಾಗ ಒಂದು ಜಗಳ ಶುರು ಆಗಿ ಇನ್ನೂ ಮುಗಿದಿಲ್ಲ. ಯಾರೋ ಒಬ್ಬರು "ಶ್ರೀ ಪರಾಭವ ನಾಮ ಸಂವತ್ಸರದ ಹಾರ್ದಿಕ ಶುಭಾಶಯಗಳು" ಅಂತ ಮಾವಿನ ತೋರಣದ ಫೋಟೋ ಹಾಕಿದ್ರು. ಖಾನಾಪುರದ ಒಬ್ಬ ತಮ್ಮ ತಕ್ಷಣ ಬರೆದ: "ಪರಾಭವ ಅಂದ್ರ ಸೋಲು. ಸೋಲಿನ ಶುಭಾಶಯ ಯಾರಿಗೆ ಬೇಕು? ಪಂಚಾಂಗದ ಹಬ್ಬಕ್ಕ ನಾವು ಅಂಬೇಡ್ಕರ್‌ವಾದಿಗಳು ಶುಭಾಶಯ ಯಾಕ ಹೇಳಬೇಕು?" ಕೆಲವರು ಹೌದು ಅಂದ್ರು. ಕೆಲವರು "ನೆರೆಹೊರೆ ಅಂದ್ಮ್ಯಾಲ ಹೇಳಬೇಕಾಗತದ, ಅದರಾಗೇನು ತಪ್ಪು" ಅಂದ್ರು. ನಾನು ಅವತ್ತು ಸುಮ್ಮನಿದ್ದೆ. ಇವತ್ತು ಬರೀತೀನಿ, ಯಾಕಂದ್ರ ಈ ಪ್ರಶ್ನೆ ನನ್ನ ಮನಿ ಬಾಗಿಲದಾಗ ಪ್ರತಿ ವರ್ಷ ಎದ್ದು ನಿಂದರತದ.

ಬೆಳಗಾವಿಯೊಳಗ ನಾವು ಬಾಡಿಗಿ ಇರೋ ಚಾಳಿನ್ಯಾಗ ಒಂದು ಕಡೆ ಅನಂತಪುರ ಕಡೆಯಿಂದ ಬಂದ ತೆಲುಗು ಗೌಂಡಿ ಅಣ್ಣನ ಕುಟುಂಬ ಅದ. ಇನ್ನೊಂದು ಕಡೆ ಕ್ಯಾಂಪಿನ್ಯಾಗ ಇಡ್ಲಿ ಗಾಡಿ ಹಚ್ಚೋ ತಮಿಳು ಅಮ್ಮ ಇದ್ದಾರ. ಎದುರಿಗೆ ಮರಾಠಿ ಮಂದಿ. ಉಗಾದಿ ದಿನ ಎದುರು ಮನ್ಯಾಗ ಬಿದಿರಿನ ಗುಢಿ ಏರತದ, ಅದಕ್ಕ ಬೇವಿನ ಎಲಿ, ಸಕ್ಕರಿ ಗಾಠಿ ಕಟ್ಟಿರತಾರ. ಗೌಂಡಿ ಅಣ್ಣನ ಮನ್ಯಾಗ ಪಚ್ಚಡಿ. ನಮ್ಮ ಮನ್ಯಾಗ ಬೇವು. ಅವತ್ತು ತಮಿಳು ಅಮ್ಮನ ಮನ್ಯಾಗ ಮಾತ್ರ ಏನೂ ಇರೋದಿಲ್ಲ, ಎಂದಿನಂಗ ಗಾಡಿಗೆ ಹಿಟ್ಟು ರುಬ್ಬತಿರತಾರ.

ಈ ಚಾಳಿಗೆ ಬಂದ ಹೊಸದಾಗಿ ನಾ ಎರಡು ತಪ್ಪು ಮಾಡಿದ್ದೆ. ಜನವರಿಯೊಳಗ ತೆಲುಗು ಅಣ್ಣಗ "ಹ್ಯಾಪಿ ಪೊಂಗಲ್" ಅಂದೆ. ಅವರು ನಕ್ಕು, "ಸರ್, ಅದು ತಮಿಳರದು. ನಮ್ದು ಭೋಗಿ, ಸಂಕ್ರಾಂತಿ, ಕನುಮ. ಮೂರು ದಿನ" ಅಂದ್ರು. ಉಗಾದಿಗೆ ತಮಿಳು ಅಮ್ಮಗ "ಹೊಸ ವರ್ಷದ ಶುಭಾಶಯ" ಅಂದೆ. ಅವರು, "ನಮಗ ಇನ್ನೂ ವರ್ಷ ಹುಟ್ಟಿಲ್ಲಪ್ಪಾ, ಚಿತ್ತಿರೈ ಬರಬೇಕು" ಅಂದ್ರು. ಇಬ್ಬರೂ ಬೇಜಾರಾಗಲಿಲ್ಲ. ನನಗ ಮಾತ್ರ ನಾಚಿಕಿ ಆತು. ನಮ್ಮ ಬಗ್ಗೆ ಏನೂ ತಿಳಕೊಳ್ಳದ ಮಂದಿ ಏಪ್ರಿಲ್ 14ಕ್ಕ ಒಂದು ಹೂವಿನ ಹಾರದ ಫೋಟೋ ಕಳಿಸಿ ಕೈ ತೊಳಕೊಂಡಾಗ ನಮಗ ಹೆಂಗ ಅನಿಸತದ? ನಾನೂ ಅದನ್ನೇ ಮಾಡಿದ್ದೆ.

ಆಮ್ಯಾಲ ಇಬ್ಬರ ಹತ್ರನೂ ಕುಂತು ಕೇಳಿದೆ, ನಿಮ್ಮಲ್ಲಿ ಹೆಂಗ ಹೇಳತೀರಿ ಅಂತ. ಗೊತ್ತಾಗಿದ್ದು ಏನಂದ್ರ, ಹಬ್ಬದ ದಿನ ಮನ್ಯಾಗ ಏನು ಮಾಡತಾರೋ, ಶುಭಾಶಯದ ಮಾತು ಅದರಿಂದನ ಹುಟ್ಟತದ.

ಮೊದಲು ತೆಲುಗರ ಉಗಾದಿ. ಅವರು "ಉಗಾದಿ ಶುಭಾಕಾಂಕ್ಷಲು" ಅಂತಾರ, ಪೂರ್ತಿ ಹೇಳೋದಾದ್ರ ಅದರ ಮುಂದ ಸಂವತ್ಸರದ ಹೆಸರು ಸೇರಿಸತಾರ. ಯಾಕಂದ್ರ ಅವತ್ತಿನ ಒಂದು ದೊಡ್ಡ ಕೆಲಸ ಪಂಚಾಂಗ ಶ್ರವಣ. ಗುಡಿಯೊಳಗೋ, ಟಿವಿಯೊಳಗೋ ಪುರೋಹಿತರು ಹೊಸ ವರ್ಷದ ಪಂಚಾಂಗ ಓದತಾರ. ಪ್ರತಿ ರಾಶಿಗೆ ನಾಕು ಅಂಕಿ ಇರತಾವ: ಆದಾಯ, ವ್ಯಯ, ರಾಜಪೂಜ್ಯ, ಅವಮಾನ. ಉದಾಹರಣೆಗೆ ಆದಾಯ 5, ವ್ಯಯ 11, ರಾಜಪೂಜ್ಯ 2, ಅವಮಾನ 4 ಅಂತ ಬಂದ್ರ, ಗಳಿಕಿಗಿಂತ ಖರ್ಚು ಹೆಚ್ಚು, ಮರ್ಯಾದಿಗಿಂತ ಅವಮಾನ ಹೆಚ್ಚು ಅಂತ ಅರ್ಥ. ಗೌಂಡಿ ಅಣ್ಣ ಇದನ್ನ ನಗತನ ಹೇಳತಾರ: "ಈ ವರ್ಷ ನನಗ ಅವಮಾನ ಸ್ವಲ್ಪ ಕಮ್ಮಿ ಐತಿ ಸರ್."

ನನಗ ಅದು ಕೇಳಿ ನಗು ಬರಲಿಲ್ಲ. ಖಾನಾಪುರ ತಾಲೂಕಿನ ನಮ್ಮ ಊರಾಗ ಉಗಾದಿ ದಿನ ಗುಡಿಯೊಳಗ ಪಂಚಾಂಗ ಓದತಿದ್ರು. ನಮ್ಮ ಅಜ್ಜ ಗುಡಿ ಹೊರಗ ಕಟ್ಟಿ ಕೆಳಗ ನಿಂತು ಕೇಳತಿದ್ದ. ಮಳಿ ಎಷ್ಟು, ಬೆಳಿ ಹೆಂಗ ಅಂತ ಒಳಗ ಕುಂತವರಿಗೆ ಹೇಳತಿದ್ರು, ಗಾಳಿ ಈ ಕಡೆ ಬೀಸಿದ್ರ ಅಜ್ಜಗೂ ಕೇಳತಿತ್ತು. ಅವನ ಅವಮಾನದ ಅಂಕಿ ಎಷ್ಟು ಅಂತ ಯಾರೂ ಓದೋದು ಬೇಕಾಗಿರಲಿಲ್ಲ. ಅವ ನಿಂತ ಜಾಗನ ಅದನ್ನ ಹೇಳತಿತ್ತು, ಮತ್ತ ಅದು ಪ್ರತಿ ವರ್ಷ ಅಷ್ಟೇ ಇರತಿತ್ತು.

ಹಿಂಗಾಗಿ ಖಾನಾಪುರದ ತಮ್ಮನ ಸಿಟ್ಟು ನನಗ ಅರ್ಥ ಆಗತದ. ಸಂವತ್ಸರದ ಹೆಸರು ಹೇಳಿ ಶುಭ ಕೋರಿದ್ರ ನಾವು ಆ ಪಂಚಾಂಗಕ್ಕ ಒಂದು ಸಹಿ ಹಾಕಿದಂಗ. ಪ್ರಭವದಿಂದ ಅಕ್ಷಯದ ತನಕ 60 ಹೆಸರು, ತಿರುಗಿ ತಿರುಗಿ ಅವೇ ಬರತಾವ. ಪರಾಭವ ನಲವತ್ತನೇದು, ಹಿಂದಿನ ಸಲ 1966ಕ್ಕ ಬಂದಿತ್ತು. ಅದೇ ವರ್ಷ ಅಕ್ಟೋಬರಿನ್ಯಾಗ ನಮ್ಮ ಬೆಳಗಾವಿ ಗಡಿ ತಕರಾರಿಗೆ ಮಹಾಜನ ಆಯೋಗ ನೇಮಕ ಆತು. ಅದು ಯಾರ ಸೋಲು, ಯಾರ ಗೆಲುವು ಅಂತ 60 ವರ್ಷ ಆದ್ರೂ ಇಲ್ಲಿ ಜಗಳ ನಡದದ. ಹೆಸರು ನೋಡಿ ವರ್ಷದ ಭವಿಷ್ಯ ಹೇಳೋದು ಎಷ್ಟು ಗಟ್ಟಿ ಅಂತ ನೀವೇ ತಿಳಕೋರಿ.

ಆದ್ರ ಅದೇ ಉಗಾದಿಯೊಳಗ ಇನ್ನೊಂದು ಕೆಲಸ ಅದ, ಪಚ್ಚಡಿ. ಅಕ್ಕಾರು ಮಾಡೋದನ್ನ ನಾ ನೋಡೀನಿ. ನಿಂಬಿಹಣ್ಣಿನಷ್ಟು ಹೊಸ ಹುಣಸಿಹಣ್ಣು ನೆನಸಿ ರಸ ತಗೀತಾರ. ಅದಕ್ಕ ಹೊಸ ಬೆಲ್ಲ, ಸಣ್ಣಗ ಹೆಚ್ಚಿದ ಮಾವಿನಕಾಯಿ, ಹಸಿಮೆಣಸಿನಕಾಯಿ, ಉಪ್ಪು, ಕಡೀಕ ತೊಟ್ಟು ಬಿಡಿಸಿದ ಬೇವಿನ ಹೂವು. ಆರು ರುಚಿ. ನಮ್ಮ ಬೇವು ಇದಕ್ಕಿಂತ ಬ್ಯಾರೆ. ನಾವು ಪುಟಾಣಿ ಹಿಟ್ಟು ಹಾಕಿ ಕುಡಿಯೋ ಹಂಗ ಮಾಡತೀವಿ, ಖಾರ ಹಾಕೋದಿಲ್ಲ. ನಮ್ಮ ಮಾತಿನ್ಯಾಗೂ ಬೇವು ಬೆಲ್ಲ ಎರಡೇ ಬರತಾವ, ಕಷ್ಟ ಸುಖ ಅಂತ. ಅವರ ಪಚ್ಚಡಿಯೊಳಗ ಹುಳಿನೂ ಅದ, ಖಾರನೂ ಅದ, ಒಗರೂ ಅದ. ಅದಕ್ಕ ಅಕ್ಕಾರು ಬಟ್ಟಲ ಕೈಯಾಗ ಕೊಟ್ಟು "ಎಲ್ಲಾ ರುಚಿನೂ ಬರಲಿ, ಎಲ್ಲಾನೂ ತಡಕೊಳ್ಳೋ ಹಂಗ ಇರ್ರಿ" ಅಂತಾರ. ಈ ಮಾತಿಗೆ ಪಂಚಾಂಗ ಬೇಕಾಗಿಲ್ಲ, ಪುರೋಹಿತರೂ ಬೇಕಾಗಿಲ್ಲ. ನಾನು ತಿರುಗಿ ಹೇಳೋದು ಇದನ್ನೇ. ಸಂವತ್ಸರ ಬಿಟ್ಟು, ಬರೇ "ಉಗಾದಿ ಶುಭಾಕಾಂಕ್ಷಲು, ಪಚ್ಚಡಿ ಎಲ್ಲಿ ಅಕ್ಕಾ?" ಅಂತೀನಿ.

ಇನ್ನು ಪೊಂಗಲ್. ಅದು ಸೂರ್ಯನ ಲೆಕ್ಕದ ಹಬ್ಬ, ತೈ ತಿಂಗಳ ಮೊದಲ ದಿನ, ಜನವರಿ 14 ಅಥವಾ 15. ಹೊಸ ಅಕ್ಕಿ, ಬೆಲ್ಲ, ಹಾಲು ಹಾಕಿ ಬಯಲಾಗ ಒಲಿ ಹೂಡತಾರ. ಮಡಕಿ ಕುತ್ತಿಗಿಗೆ ಹಸಿ ಅರಿಶಿಣದ ಗಿಡ ಕಟ್ಟಿರತಾರ, ಬಾಜೂಕ ಕಬ್ಬು. ಹಾಲು ಉಕ್ಕಿ ಹೊರಗ ಚೆಲ್ಲಬೇಕು, ಚೆಲ್ಲಿದ ಕೂಡ್ಲೆ ಎಲ್ಲಾರೂ "ಪೊಂಗಲೋ ಪೊಂಗಲ್" ಅಂತ ಕೂಗತಾರ. ಪೊಂಗು ಅಂದ್ರನ ಉಕ್ಕು. ಹಿಂಗಾಗಿ ಅವತ್ತು ಒಬ್ಬರಿಗೊಬ್ಬರು ಭೆಟ್ಟಿ ಆದ್ರ ಕೇಳೋದು "ಪಾಲ್ ಪೊಂಗಿಚ್ಚಾ?" ಅಂತ. ಹಾಲು ಉಕ್ಕಿತಾ? "ಪೊಂಗಿಚ್ಚು" ಅಂದ್ರ ಮುಗೀತು, ಅದೇ ಶುಭಾಶಯ, ಅದೇ ಉತ್ತರ. ಮೊಬೈಲಿನ್ಯಾಗ "ಇನಿಯ ಪೊಂಗಲ್ ನಲ್ವಾಳ್ತುಕ್ಕಳ್" ಅಂತ ಬರೀತಾರ, ಅದೂ ಸರಿನ. ಆದ್ರ ನಾ ಮೊದಲ ಸಲ ಬಾಗಿಲದಾಗ ನಿಂತು ಹಾಲಿನ ಮಾತು ಕೇಳಿದಾಗ ಅಮ್ಮನ ಮುಖದಾಗ ಬಂದ ನಗು ಬ್ಯಾರೆನ ಇತ್ತು.

ಪೊಂಗಲ್ ಹೊಸ ವರ್ಷನಾ? ಇದರ ಮ್ಯಾಲ ತಮಿಳುನಾಡಿನ್ಯಾಗನ ಜಗಳ ಅದ. ಸಂಸ್ಕೃತದ 60 ಹೆಸರಿನ ವರ್ಷ ನಮದಲ್ಲ ಅನ್ನೋ ವಾದ ಹಿಡಕೊಂಡು 2008ರಾಗ ಕರುಣಾನಿಧಿ ಸರ್ಕಾರ ತೈ ಮೊದಲ ದಿನಾನ ತಮಿಳು ಹೊಸ ವರ್ಷ ಅಂತ ಕಾಯ್ದೆ ಮಾಡಿತು. 2011ರಾಗ ಜಯಲಲಿತಾ ಸರ್ಕಾರ ಅದನ್ನ ರದ್ದು ಮಾಡಿ ಮತ್ತ ಚಿತ್ತಿರೈಗೆ ತಂತು. ಅಮ್ಮನ ಮನ್ಯಾಗ ಚಿತ್ತಿರೈನ ವರ್ಷ. ಆದ್ರ ಚೆನ್ನೈಯ ಒಬ್ಬ ಸಂಗಾತಿ ನನಗ ಪೊಂಗಲ್ ದಿನಾನ ಹೊಸ ವರ್ಷದ ಮೆಸೇಜ್ ಕಳಿಸತಾರ. ಇಬ್ಬರಿಗೂ ಒಂದೇ ಮಾತು ಹೇಳಾಕ ಬರೋದಿಲ್ಲ.

ಪೊಂಗಲಿನ್ಯಾಗ ಪಂಚಾಂಗ ಓದೋದಿಲ್ಲ ಅಂದ್ರ ಜಾತಿನೂ ಇಲ್ಲ ಅಂತ ತಿಳಕೋಬ್ಯಾಡ್ರಿ. ಎಲ್ಲಾ ಜಾತಿ ಮಂದಿ ಕೂಡಿ ಒಂದೇ ಕಡೆ ಮಡಕಿ ಇಡೋದಕ್ಕ ಅಲ್ಲಿ "ಸಮತ್ತುವ ಪೊಂಗಲ್", ಅಂದ್ರ ಸಮಾನತೆಯ ಪೊಂಗಲ್, ಅಂತ ಬ್ಯಾರೆ ಹೆಸರನ ಇಡಬೇಕಾತು. ಯಾಕ ಇಡಬೇಕಾತು ಅಂತ ನಮಗ ಬಿಡಿಸಿ ಹೇಳೋದು ಬೇಕಾಗಿಲ್ಲ.

ಈಗ ನನ್ನ ಉತ್ತರ. ಬಾಬಾಸಾಹೇಬರು 1956ರ ಅಕ್ಟೋಬರ್ 14ಕ್ಕ ನಾಗಪುರದಾಗ ಕೊಟ್ಟ 22 ಪ್ರತಿಜ್ಞೆಯೊಳಗ ಬ್ರಾಹ್ಮಣರ ಕೈಯಿಂದ ಯಾವ ವಿಧಿನೂ ಮಾಡಿಸೋದಿಲ್ಲ ಅಂತ ಅದ. ಎಲ್ಲಾ ಮನುಷ್ಯರು ಸಮಾನರು ಅಂತನೂ ಅದ. ಮೊದಲನೇದು ಪಂಚಾಂಗದ ಮಾತು ಬಿಡ್ರಿ ಅನ್ನತದ. ಎರಡನೇದು ನೆರಮನಿ ಬಟ್ಟಲ ಬಿಡ್ರಿ ಅಂತ ಎಲ್ಲೂ ಹೇಳೋದಿಲ್ಲ.

ಆ ಬಟ್ಟಲಾನ ನನಗ ಮುಖ್ಯ. ಹಿಂದ ಬಾಡಿಗಿ ಇದ್ದ ಒಂದು ಮನ್ಯಾಗ ಮಾಲಕರು ಉಗಾದಿಗೆ ಹೋಳಿಗಿ ಕಳಿಸತಿದ್ರು, ಬಾಯಿತುಂಬ ಶುಭಾಶಯ ಹೇಳತಿದ್ರು. ಖಾಲಿ ಡಬ್ಬಿ ಹೊಳ್ಳಿ ಕೊಡಬಾರದು ಅಂತ ನಮ್ಮಕಿ ಅದರಾಗ ನಮ್ಮ ಬೇವು ಹಾಕಿ ಕಳಿಸಿದ್ಲು. ಸಂಜಿಕ ನೋಡಿದ್ರ ಬೇವು ತುಳಸಿ ಕಟ್ಟಿ ಹಿಂದಿನ ಗಟಾರದಾಗ, ಡಬ್ಬಿ ಹೊರಗಿನ ನಳದ ಹತ್ರ ಬೋರಲ ಬಿದ್ದಿತ್ತು. ಮರುವರ್ಷನೂ ಅವರು ಶುಭಾಶಯ ಹೇಳಿದ್ರು, ನಾವೂ ಹೇಳಿದ್ವಿ. ಆ ಮಾತಿನ್ಯಾಗ ಏನೂ ಇರಲಿಲ್ಲ. ಇಲ್ಲಿ ಅಕ್ಕಾರ ಪಚ್ಚಡಿ ಬಟ್ಟಲ ನಮ್ಮ ಬೇವು ತುಂಬಿಕೊಂಡು ಹೋಗತದ, ಅವರ ಹುಡುಗರು ನಮ್ಮ ಎದುರಿಗೇ ಕುಡದು ಮೀಸಿ ಒರಸಿಕೊಳ್ಳತಾವ.

ಖಾನಾಪುರದ ತಮ್ಮಗ ಕಡೀಕ ಒಂದು ಮಾತು. ಈಗ ಏಪ್ರಿಲ್ 14 ಬರಾಕತ್ತದ. ಅವತ್ತು ಬಾಬಾಸಾಹೇಬರ ಜಯಂತಿ, ಅವತ್ತೇ ತಮಿಳು ಅಮ್ಮನ ಚಿತ್ತಿರೈ ಹೊಸ ವರ್ಷ. 2022ರಾಗ ತಮಿಳುನಾಡು ಸರ್ಕಾರ ಅದೇ ದಿನಾನ ಸಮತ್ತುವ ನಾಳ್, ಸಮಾನತೆಯ ದಿನ ಅಂತ ಘೋಷಿಸಿತು. ಹೋದ ವರ್ಷ ನಾವು ಮೆರವಣಿಗೆಯಿಂದ ನೀಲಿ ಶಾಲು ಹಾಕ್ಕೊಂಡು ಮನಿಗೆ ಬಂದಾಗ ಅಮ್ಮ ಬೇವಿನ ಹೂವು ಉದುರಿಸಿದ ಮಾವಿನಕಾಯಿ ಪಚ್ಚಡಿ ಹಿಡಕೊಂಡು ಬಾಗಿಲದಾಗ ನಿಂತಿದ್ರು. ನಾ "ಪುತ್ತಾಂಡು ನಲ್ವಾಳ್ತುಕ್ಕಳ್, ಅಮ್ಮಾ" ಅಂದೆ. ಅವರು "ಜೈ ಭೀಮ್, ತಂಬಿ" ಅಂದ್ರು. ಈ ಸಲ ನೀನೂ ಬಾ ತಮ್ಮಾ, ಬಟ್ಟಲ ಇಸಕೊಂಡು ಹೋಗು. ಹೊಳ್ಳಿ ಕೊಡುವಾಗ ಮಾತ್ರ ಖಾಲಿ ಕೊಡಬ್ಯಾಡ.

ಜೈ ಭೀಮ್.