ಶಿಲ್ಕು ಸೊನ್ನೆ ಅಂದರೆ ಲೆಕ್ಕ ಮುಗಿಯಿತೇ?

ಗಣಪತಿ ನೀರು ಸೇರಿ ತಿಂಗಳಾದ ಮೇಲೆ ಊರಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬರುತ್ತದೆ. ನೋಟ್‌ಬುಕ್ಕಿನ ಹಾಳೆ, ಮೇಲೆ ಶ್ರೀ, ಕೆಳಗೆ ಮೂರು ಸಾಲು: ಒಟ್ಟು ಜಮಾ ಇಷ್ಟು, ಒಟ್ಟು ಖರ್ಚು ಇಷ್ಟು, ಉಳಿಕೆ ಸೊನ್ನೆ. ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಯಾರಾದರೂ ಪ್ರಶ್ನೆ ಕೇಳಿದರೆ, 'ನಿನ್ನ ಐನೂರಕ್ಕೆ ಇಷ್ಟು ಮಾತಾ? ದೇವರ ಲೆಕ್ಕ ಕೇಳಬಾರದು' ಎಂಬ ಉತ್ತರ. ದೇವರು ಲೆಕ್ಕ ಇಟ್ಟಿಲ್ಲ ಸ್ವಾಮಿ, ಇಟ್ಟವರು ಸಮಿತಿಯವರು. ಕೇಳುವುದು ಅವರನ್ನು.

ಈ ಸೊನ್ನೆಯನ್ನೇ ನಾವು ನಂಬುವುದಿಲ್ಲ. ನೂರಾರು ಕೈಗಳಿಂದ ಬಂದ ದುಡ್ಡು, ಹತ್ತಾರು ಕಡೆ ಹೋದ ದುಡ್ಡು, ಒಂದು ರೂಪಾಯಿಯೂ ಹೆಚ್ಚುಕಡಿಮೆ ಆಗದೆ ಸಮವಾಗುವುದು ಅಪರೂಪ. ಸಮವಾಗಿದ್ದರೆ ಯಾರೋ ಕೂತು ಸಮ ಮಾಡಿದ್ದಾರೆ ಎಂದೇ ಮೊದಲ ಅನುಮಾನ.

ಒಂದು ಲೆಕ್ಕ ಹಾಕಿ ನೋಡೋಣ. ಊರು ಕಲ್ಪನೆಯದು, ಅಂಕಿಗಳೂ ನಾವೇ ಇಟ್ಟುಕೊಂಡವು. ಮನೆ ವಂತಿಗೆ 112 ಮನೆಗಳಿಂದ ತಲಾ 500ರಂತೆ 56,000. ಅಂಗಡಿಯವರು, ದಾನಿಗಳು 25 ಜನ ಸೇರಿ 31,000. ಆರತಿ ತಟ್ಟೆ 6,600. ಲಾಡು ಹರಾಜು 41,000. ಒಟ್ಟು ಜಮಾ 1,34,600. ಖರ್ಚಿನಲ್ಲಿ ಮೂರ್ತಿ 22,000, ಶಾಮಿಯಾನ ಮತ್ತು ಲೈಟು 34,000, ಡೊಳ್ಳಿನವರಿಗೆ 25,000, ಅನ್ನಸಂತರ್ಪಣೆ 38,500, ಇತರೆ 15,100. ಇದೂ 1,34,600. ಉಳಿಕೆ ಸೊನ್ನೆ. ಚಪ್ಪಾಳೆ.

ಈಗ ಮೂರು ಪ್ರಶ್ನೆ ಕೇಳಿ. ಹೋದ ವರ್ಷದ ಉಳಿಕೆ ಎಲ್ಲಿ? ಹಳೆಯ ಹಾಳೆಯಲ್ಲಿ 18,400 ಇತ್ತು. ಈ ವರ್ಷದ ಮೊದಲ ಸಾಲು ಅದೇ ಆಗಬೇಕು, ಅದನ್ನೇ ಆರಂಭಿಕ ಶಿಲ್ಕು ಅನ್ನುವುದು. ಹಾಳೆಯಲ್ಲಿ ಆ ಸಾಲೇ ಇಲ್ಲ. ಲಾಡು ಕೂಗಿದವರು ದುಡ್ಡು ಕೊಟ್ಟರಾ? ಕೊಟ್ಟಿದ್ದು 15,000, ಉಳಿದ 26,000 'ದೀಪಾವಳಿಗೆ ಕೊಡ್ತೀನಿ'. ಕೂಗಿದ್ದು ಜಮಾ ಅಲ್ಲ, ಕೈಗೆ ಬಂದದ್ದು ಜಮಾ. ಶಾಮಿಯಾನದವರಿಗೆ ಪೂರ್ತಿ ಕೊಟ್ಟಿರಾ? 20,000 ಕೊಟ್ಟಿದ್ದೇವೆ, 14,000 ಬಾಕಿ.

ಹಾಗಾದರೆ ನಿಜವಾಗಿ ಬಂದದ್ದು ಹಳೆ ಶಿಲ್ಕೂ ಸೇರಿ 1,27,000. ನಿಜವಾಗಿ ಹೋದದ್ದು 1,20,600. ಖಜಾಂಚಿಯ ಕೈಯಲ್ಲಿ ಇವತ್ತು 6,400 ಇರಲೇಬೇಕು. ಲಾಡಿನ ಬಾಕಿ ಬಂದು, ಶಾಮಿಯಾನದ ಬಾಕಿ ತೀರಿದ ಮೇಲೆ ಅದು 18,400 ಆಗುತ್ತದೆ. ಅಂದರೆ ಹೋದ ವರ್ಷದ ಪೂರ್ತಿ ದುಡ್ಡು ಆ ಒಂದು ಸೊನ್ನೆಯ ಹಿಂದೆ ಅಡಗಿ ಕೂತಿದೆ. ಯಾರೂ ಕದ್ದಿರಬೇಕಾಗಿಲ್ಲ, ಒಂದು ಸಾಲು ಬರೆಯದೆ ಬಿಟ್ಟರೆ ಸಾಕು. ಮುಂದಿನ ವರ್ಷ ಆ ದುಡ್ಡನ್ನು ಕೇಳುವ ದಾರಿಯೇ ಇರುವುದಿಲ್ಲ, ಯಾಕೆಂದರೆ ಹಾಳೆ ಸೊನ್ನೆ ಅನ್ನುತ್ತದೆ.

ಜಮಾ ಸರಿಯೇ ಎಂದು ತಿಳಿಯಲು ರಸೀದಿ ಪುಸ್ತಕ ತರಿಸಿ. ಐವತ್ತರ ಮೂರು ಪುಸ್ತಕ ಅಚ್ಚಾಗಿದ್ದರೆ ನಂಬರು 1ರಿಂದ 150. ಮನೆ, ಅಂಗಡಿ, ದಾನಿ ಸೇರಿ 137 ಹರಿದಿದ್ದಾರೆ. 138ರಿಂದ 150ರವರೆಗಿನ ಹದಿಮೂರು ಖಾಲಿ ರಸೀದಿ ಪುಸ್ತಕದಲ್ಲೇ ಇರಬೇಕು. ರದ್ದಾದದ್ದಿದ್ದರೆ ಎರಡೂ ಪ್ರತಿ ಅಂಟಿಕೊಂಡಿರಬೇಕು. ಒಂದು ಖಾಲಿ ರಸೀದಿ ಕಾಣೆಯಾದರೂ, ಅದರಲ್ಲಿ ಎಷ್ಟು ಬರೆದರು ಎಂದು ಹೇಳಬಲ್ಲವರು ಯಾರೂ ಇಲ್ಲ. ಫೋನ್‌ಪೇಗೆ ಹಾಕಿದವರಿಗೂ ರಸೀದಿ ಹರಿಯಬೇಕು. ಆ ದುಡ್ಡು ಅಧ್ಯಕ್ಷರ ಮಗನ ಖಾತೆಗೆ ಹೋಗಿ, ಅವನ ಮೊಬೈಲ್ ರೀಚಾರ್ಜ್ ಜೊತೆ ಬೆರೆತರೆ ಬೇರ್ಪಡಿಸುವುದು ಬ್ರಹ್ಮನಿಗೂ ಕಷ್ಟ.

ಇನ್ನು ಆ 'ಇತರೆ' 15,100. ಟ್ರ್ಯಾಕ್ಟರ್ ಬಾಡಿಗೆ, ಡೀಸೆಲ್, ಹೂವು ಅಂತ ಬಿಡಿಸಿ ಬರೆಯಲು ಅರ್ಧ ಪುಟ ಸಾಕು. ಬಿಲ್ಲು ಕೊಡದ ಹೂವಿನವರಿಂದ, ಕೂಲಿಯವರಿಂದ ಒಂದು ಚೀಟಿಯಲ್ಲಿ ಹೆಸರು, ಮೊತ್ತ, ತಾರೀಖು ಬರೆಸಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿದರೆ ಅದೇ ವೋಚರ್. ಯಾರೋ ಕೊಟ್ಟ ಅಕ್ಕಿ ಮೂಟೆಯನ್ನು ಬೇರೆ ಪಟ್ಟಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ದಾನದ ಅಕ್ಕಿಯೇ ಸಂತರ್ಪಣೆ ಖರ್ಚಿನಲ್ಲಿ ಕೊಂಡ ಅಕ್ಕಿಯಾಗುತ್ತದೆ.

'ನಾವೇನು ಆಫೀಸಾ, ಇಷ್ಟೆಲ್ಲ ಬರೆಯೋಕೆ?' ಅನ್ನುತ್ತಾರೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ ವರ್ಷವರ್ಷ ಲೆಕ್ಕ ಸಲ್ಲಿಸಬೇಕು, ನೋಂದಣಿಯಿಲ್ಲದ ಸಮಿತಿಯನ್ನು ಕೇಳುವವರು ಊರವರು ಮಾತ್ರ. ಅದೇ ಊರಿನ ಸ್ತ್ರೀಶಕ್ತಿ ಸಂಘದ ಅಕ್ಕಂದಿರು ವಾರದ ಉಳಿತಾಯವನ್ನು ಹೆಸರು ಹೆಸರಾಗಿ ಬರೆದಿಡುತ್ತಾರೆ. ಅವರಿಗಾಗುವುದು ಡಿಗ್ರಿ ಮುಗಿಸಿದ ಯುವಕ ಮಂಡಳಿಗೆ ಯಾಕಾಗುವುದಿಲ್ಲ?

ಹಾಳೆಯ ಕೊನೆಗೆ ನಾಲ್ಕು ಸಾಲು ಬೇಕೇ ಬೇಕು: ಕೈಯಲ್ಲಿ ಎಷ್ಟು ಮತ್ತು ಯಾರ ಕೈಯಲ್ಲಿ, ಬ್ಯಾಂಕಿನಲ್ಲಿ ಎಷ್ಟು, ಬರಬೇಕಾದ್ದು ಯಾರಿಂದ, ಕೊಡಬೇಕಾದ್ದು ಯಾರಿಗೆ. ಮೊದಲೆರಡು ಸೇರಿದ್ದೇ ಅಂತಿಮ ಶಿಲ್ಕು. ಆ ದಿನವೇ ದೇವಸ್ಥಾನದ ಕಟ್ಟೆಯ ಮೇಲೆ ನೋಟು ಎಣಿಸಿ, ಪಾಸ್‌ಬುಕ್ ತೋರಿಸಿ, ಸಮಿತಿಯಲ್ಲಿಲ್ಲದ ಇಬ್ಬರಿಂದ ಸಹಿ ಹಾಕಿಸಿ. ಅದಾಗುವ ತನಕ ಮುಂದಿನ ವರ್ಷದ ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದವರಿಗೆ, 'ಹಳೇ ಹಾಳೆ ತನ್ನಿ' ಅನ್ನಿ.