ಪಿಯುಸಿ ನಂತರದ ಒಂದು ವರ್ಷ: ಹುಡುಕಾಟವೋ, ತಡವೋ?

2024ರ ನವೆಂಬರ್ 5ರಂದು ಜೆಇಇ ಅಡ್ವಾನ್ಸ್ಡ್ ನಡೆಸುವ ಜಂಟಿ ಪ್ರವೇಶ ಮಂಡಳಿ, ಎರಡರ ಬದಲು ಮೂರು ಬಾರಿ ಪರೀಕ್ಷೆ ಬರೆಯಬಹುದು ಎಂದು ಪ್ರಕಟಿಸಿತು. 18ರಂದು ಅದನ್ನು ಹಿಂತೆಗೆದುಕೊಂಡಿತು. ಈ 13 ದಿನಗಳ ನಡುವೆ ಇನ್ನೊಂದು ಅವಕಾಶ ನಂಬಿ ಕಾಲೇಜು ಬಿಟ್ಟವರು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. 2025ರ ಜನವರಿಯಲ್ಲಿ ಕೋರ್ಟ್ ಅಂಥವರಿಗೆ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿತು.

ಹನ್ನೆರಡನೇ ತರಗತಿಯ ನಂತರ ಒಂದು ವರ್ಷ ಬಿಡುವು ತೆಗೆದುಕೊಳ್ಳುವುದು ನಮ್ಮಲ್ಲಿ ಎಷ್ಟು ಬಿಗಿಯಾದ ಲೆಕ್ಕ ಎಂಬುದಕ್ಕೆ ಇದೇ ಸಾಕ್ಷಿ. ಹೊರದೇಶಗಳ ಎಷ್ಟೋ ವಿಶ್ವವಿದ್ಯಾಲಯಗಳು ಸೀಟು ಕಾಯ್ದಿಟ್ಟು, ಒಂದು ವರ್ಷ ಸುತ್ತಾಡಿ ಬಾ ಎನ್ನುತ್ತವೆ. ಇಲ್ಲಿ ಈ ವರ್ಷದ ರ‍್ಯಾಂಕು ಈ ವರ್ಷಕ್ಕೇ ಮುಗಿಯಿತು. ಜೆಇಇ ಅಡ್ವಾನ್ಸ್ಡ್ ಬರೆಯಬಹುದಾದದ್ದು ಹನ್ನೆರಡನೇ ತರಗತಿಯ ವರ್ಷ ಮತ್ತು ಅದರ ಮರುವರ್ಷ ಮಾತ್ರ. ಮೇನ್‌ಗೆ ಇನ್ನೊಂದು ವರ್ಷ ಹೆಚ್ಚು. ನೀವು ಹಿಮಾಲಯದಲ್ಲಿದ್ದರೂ ಗಡಿಯಾರ ಓಡುತ್ತಿರುತ್ತದೆ. ನೀಟ್‌ಗೆ ಈ ಮಿತಿಯಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿನ ಅರ್ಧ ತೂಕ ಪಿಯುಸಿ ಅಂಕಗಳದ್ದು. ಅದನ್ನು ಮತ್ತೆ ಬರೆಯದಿದ್ದರೆ, ವರ್ಷವಿಡೀ ಓದಿದರೂ ಬದಲಾಗುವುದು ಉಳಿದರ್ಧ ಮಾತ್ರ.

ಪುಣೆಯ ನಮ್ಮ ಸೊಸೈಟಿಯಲ್ಲಿ ವಿಜಯಪುರ ಕಡೆಯ ಒಂದು ಕುಟುಂಬವಿದೆ. ಒಂದು ಸಂಜೆ ಆ ಮನೆಯ ಯಜಮಾನರು ಮಗನನ್ನು ಕರೆದುಕೊಂಡು ಬಂದರು. "ಸರ, ನೀವು ಎಂಟೆಕ್ ಮಾಡೀರಿ. ಇವ ಒಂದ್ ವರ್ಷ ಡ್ರಾಪ್ ತಗೋತೀನಿ ಅಂತಾನ. ಒಂದೀಟು ನೋಡಿ ಹೇಳ್ರಿ" ಎಂದರು. ಜೆಇಇ ಮೇನ್‌ನಲ್ಲಿ 300ಕ್ಕೆ 120 ಬಂದಿತ್ತು. ನಾನು ಅಂಕ ಬಿಟ್ಟು, ಅಭ್ಯರ್ಥಿಯ ಲಾಗಿನ್‌ನಲ್ಲಿ ಸಿಗುವ ಉತ್ತರ ಪ್ರತಿಯನ್ನು ತೆರೆಯಲು ಹೇಳಿದೆ.

ಒಟ್ಟು 75 ಪ್ರಶ್ನೆ, ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಅವನು 70 ಉತ್ತರಿಸಿದ್ದ. ರಸಾಯನಶಾಸ್ತ್ರದಲ್ಲಿ 24ರಲ್ಲಿ 20 ಸರಿ, ಅಂದರೆ 76 ಅಂಕ. ಭೌತಶಾಸ್ತ್ರದಲ್ಲಿ 22ರಲ್ಲಿ 13 ಸರಿ, 43 ಅಂಕ. ಗಣಿತದಲ್ಲಿ 24 ಉತ್ತರಿಸಿ ಸರಿಯಾದದ್ದು 5, ತಪ್ಪು 19. ಬಂದದ್ದು ಒಂದೇ ಒಂದು ಅಂಕ! "ಗಣಿತ ಕಂಡರೆ ಏನೋ ಒಂದು ಒತ್ತಿ ಮುಂದೆ ಹೋಗ್ತೀನಿ ಅಂಕಲ್" ಎಂದ. ಪಾಠಗಳೆಲ್ಲ ಮುಗಿದಿದ್ದವು, ಎರಡು ವರ್ಷ ಕೋಚಿಂಗೂ ಆಗಿತ್ತು. ಅವನಿಗೆ ಸಮಯದ ಕೊರತೆ ಇರಲಿಲ್ಲ, ಗಣಿತದ ಮೇಲೆ ಮನಸ್ಸಿರಲಿಲ್ಲ. ಡ್ರಾಪ್ ಎಂದರೆ ಆ ಬೇಡದ ಗಣಿತವನ್ನೇ ಇನ್ನೊಂದು ವರ್ಷ, ದಿನಕ್ಕೆ ಹತ್ತು ಗಂಟೆ ಓದುವುದು.

ಅವನ ಚಿಕ್ಕಪ್ಪನ ಮಗಳಿಗೆ ಬಂದದ್ದು ಇನ್ನೂ ಕಡಿಮೆ, 110. ಆದರೆ ಅವಳು 40 ಉತ್ತರಿಸಿ 30 ಸರಿ ಮಾಡಿದ್ದಳು. ಬಿಟ್ಟ 35ರಲ್ಲಿ ಬಹುಪಾಲು, ಡೆಂಗಿಯಿಂದ ಮಲಗಿದಾಗ ತಪ್ಪಿಹೋದ ಅಧ್ಯಾಯಗಳವು. ಅವಳಿಗೆ ಡ್ರಾಪ್ ತಗೋ ಎಂದೆ. ಕಡಿಮೆ ಅಂಕದವಳಿಗೆ ಹೂಂ, ಹೆಚ್ಚಿನವನಿಗೆ ಬೇಡ ಎಂದದ್ದು ಹಿರಿಯರಿಗೆ ಸ್ವಲ್ಪ ವಿಚಿತ್ರವಾಗಿಯೇ ಕಂಡಿತು.

ಒಂದು ವರ್ಷದ ಬಿಡುವಿನಿಂದ ನೌಕರಿಗೆ ಕುತ್ತು ಎಂಬ ಭಯ ಅತಿಯಾಯಿತು. ಸಂದರ್ಶನ ಮಂಡಳಿಯಲ್ಲಿ ಕೂತಾಗ ನಾನು ಅದನ್ನು ಕೇಳಿದ್ದೇ ಇಲ್ಲ. ಆದರೆ ಓದಿನ ನಡುವೆ ಇಷ್ಟೇ ಬಿಡುವಿರಬೇಕು ಎಂದು ಕ್ಯಾಂಪಸ್ ನೇಮಕಾತಿಯ ಅರ್ಜಿಯಲ್ಲೇ ಷರತ್ತು ಹಾಕುವ ಕಂಪನಿಗಳಿವೆ. ಎರಡನೇ ಡ್ರಾಪ್‌ಗೆ ಮೊದಲು ಅದನ್ನು ನೋಡಿಕೊಳ್ಳಬೇಕು. ಇಲ್ಲಿ ಮಹಾರಾಷ್ಟ್ರದಲ್ಲಿ ಪ್ರವೇಶದ ವೇಳೆ, ಆ ವರ್ಷ ಬೇರೆಲ್ಲೂ ಓದಲಿಲ್ಲ ಎಂಬ ಗ್ಯಾಪ್ ಅಫಿಡವಿಟ್ಟನ್ನೂ ಕೇಳುತ್ತಾರೆ.

ಇನ್ನು ಹುಡುಕಾಟದ ಮಾತು. ಕೋಚಿಂಗ್ ಕೋಣೆಯಲ್ಲಿ ಕಳೆದ ವರ್ಷವನ್ನು ಹುಡುಕಾಟ ಎನ್ನುವುದು ನನ್ನ ಮಟ್ಟಿಗೆ ಸುಳ್ಳು. ಅಲ್ಲಿ ಹೊಸದಾಗಿ ಏನನ್ನೂ ನೋಡುವುದಿಲ್ಲ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗೆ ಹೇಗೂ ಮೂರು ನಾಲ್ಕು ತಿಂಗಳು ಖಾಲಿ ಇರುತ್ತವೆ, ಅದು ಬಿಟ್ಟಿ ಸಿಕ್ಕ ಬಿಡುವು. ಹುಡುಗನ ಸೋದರಮಾವ ಇಚಲಕರಂಜಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕದಲ್ಲಿದ್ದಾರೆ. ಮೂರು ವಾರ ಅಲ್ಲಿನ ಪ್ರಯೋಗಾಲಯಕ್ಕೆ ಕಳಿಸಿದೆವು. ಗಿರಾಕಿ ಕೊಟ್ಟ ತುಂಡಿನ ಬಣ್ಣಕ್ಕೆ ಹೊಂದುವಂತೆ ಡೈ ಬೆರೆಸುವುದು, ನೀರಿನ ಪಿಎಚ್ ನೋಡುವುದು, ಸರಿಹೋಗದಿದ್ದರೆ ಮತ್ತೆ ಮೊದಲಿಂದ. ವಾಸನೆಗೆ ಮೊದಲೆರಡು ದಿನ ಊಟ ಸೇರಲಿಲ್ಲವಂತೆ. ಮೂರನೇ ವಾರದಲ್ಲಿ ವಾಪಸ್ ಕರೆಯಲು ಹೋದರೆ, ಇನ್ನೊಂದು ವಾರ ಇರ್ತೀನಿ ಎಂದ.

ಈಗ ಅವನು ಬಿಎಸ್ಸಿ ಕೆಮಿಸ್ಟ್ರಿ ಮೊದಲ ವರ್ಷದಲ್ಲಿದ್ದಾನೆ. ಅಪ್ಪನಿಗೆ ಪೂರ್ತಿ ಸಮಾಧಾನವಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, "ಸರ, ಮೇನ್ ಇನ್ನೊಮ್ಮೆ ಬರಿಯಾಕ ಬರ್ತದಲ್ರಿ?" ಎಂದು ಕೇಳುತ್ತಾರೆ. ಬರುತ್ತದೆ, ಕಾಲೇಜು ಬಿಡದೆಯೇ ಬರೆಯಬಹುದು ಎನ್ನುತ್ತೇನೆ. ಅರ್ಜಿ ಹಾಕುತ್ತಾನೋ ಇಲ್ಲವೋ, ಅವನಿನ್ನೂ ಹೇಳಿಲ್ಲ.