ಪಾಲಿಸಿ ಬಂದ ದಿನವೇ ಎಲ್ಲಕ್ಕೂ ಹಣ ಬರುವುದಿಲ್ಲ

ಹಸುವಿಗೆ ವಿಮೆ ಮಾಡಿಸಿ ಕಿವಿಯೋಲೆ ಹಾಕಿಸಿದ ಮೇಲೂ, ಕಾಯಿಲೆಗೆ ಪರಿಹಾರ ಸಿಗಲು ಸಾಮಾನ್ಯವಾಗಿ 15 ದಿನ ಕಳೆಯಬೇಕೆಂಬುದು ನಮ್ಮ ಹಾಲು ಉತ್ಪಾದಕ ಅಕ್ಕಂದಿರಿಗೆ ಗೊತ್ತು. ತಮ್ಮದೇ ಆರೋಗ್ಯ ವಿಮೆಯಲ್ಲಿ ಈ ಲೆಕ್ಕ ಕೇಳುವವರು ಮಾತ್ರ ಕಡಿಮೆ.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಸದಸ್ಯೆಯೊಬ್ಬರು 2025ರ ಜೂನ್ 10ರಂದು ಪಾಲಿಸಿ ಮಾಡಿಸಿದರು ಎನ್ನೋಣ. ಹಸು ಒದ್ದು ಕೈ ಮುರಿದು ಆಸ್ಪತ್ರೆ ಸೇರಿದರೆ ಅಂದಿನಿಂದಲೇ ಹಣ ಸಿಗುತ್ತದೆ. ಡೆಂಗಿ ಜ್ವರಕ್ಕಾದರೆ ಮೊದಲ 30 ದಿನ ಕಳೆಯಬೇಕು. ಗರ್ಭಕೋಶ, ಕಣ್ಣಿನ ಪೊರೆ, ಹರ್ನಿಯಾ ಆಪರೇಷನ್‌ಗೆ ಹಲವು ಪಾಲಿಸಿಗಳಲ್ಲಿ ಎರಡು ವರ್ಷ. ಸಕ್ಕರೆಯಿಂದಲೇ ಕಾಲಿಗೆ ಹುಣ್ಣಾದರೆ? ಅದು ಮೊದಲೇ ಇದ್ದ ಕಾಯಿಲೆಯ ಲೆಕ್ಕ. ಗರಿಷ್ಠ 36 ತಿಂಗಳು, ಅಂದರೆ 2028ರ ಜೂನ್‌ವರೆಗೂ ಕಾಯಬೇಕಾಗಬಹುದು.

ಅದಕ್ಕೆಂದು "ಸಕ್ಕರೆ ಇದೆ ಅಂತ ಬರೆಸಬೇಡಿ" ಎನ್ನುವ ಏಜೆಂಟರ ಮಾತು ನನಗೆ ಒಪ್ಪಿಗೆಯಿಲ್ಲ. ಬರೆಸಿದರೆ ಕಾಯುವುದಕ್ಕೆ ಒಂದು ಕೊನೆಯಿದೆ. ಮುಚ್ಚಿಟ್ಟದ್ದು ಡಾಕ್ಟರ ಹಳೇ ಚೀಟಿಯಿಂದ ಹೊರಬಿದ್ದರೆ ಪಾಲಿಸಿಯೇ ರದ್ದಾಗಬಹುದು. ನವೀಕರಣದ ಗಡುವು ಮೀರಿದರೂ ಅಷ್ಟೇ, ಕಾದ ತಿಂಗಳುಗಳೆಲ್ಲ ಹೋಗಿ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ. (ಗುಂಪು ವಿಮೆಯಲ್ಲಿ ಈ ಕಾಯುವಿಕೆ ಇಲ್ಲದೆಯೂ ಇರಬಹುದು, ವಿಚಾರಿಸಿ.)

ಕಂತು ಕಟ್ಟುವ ಮೊದಲೇ ಈ ನಾಲ್ಕು ತಾರೀಖುಗಳನ್ನು ಏಜೆಂಟರ ಕೈಯಲ್ಲೇ ಬರೆಸಿಕೊಳ್ಳಿ.